ಮಳೆಗೆ ಮುಂಚೆ ಸಂಪು ತೊಳೆಸಿ: ಗೂಗಲ್‌ನಲ್ಲಿ ಪ್ಲಂಬರನ ಪ್ರಕಟಣೆ ಹೇಗಿರಬೇಕು?

ಏಪ್ರಿಲ್‌ನ ಮೊದಲ ಬಿರುಮಳೆ ಒಂದು ಸಂಜೆ ಸುರಿದು ಹೋಯಿತೆನ್ನಿ. ತಾರಸಿಯ ಮೂಲೆಯಲ್ಲಿರುವ ಪೈಪಿನ ಬಾಯಿಗೆ ಒಣಗಿದೆಲೆ ಕಟ್ಟಿಕೊಂಡು ಪಾದ ಮುಳುಗುವಷ್ಟು ನೀರು ನಿಂತಿದೆ. ಮರುದಿನ ನಲ್ಲಿ ತಿರುಗಿಸಿದರೆ ಮಣ್ಣಿನ ಬಣ್ಣದ ನೀರು. ಮನೆಯವರು ಫೋನ್ ಎತ್ತಿಕೊಂಡು ಗೂಗಲ್‌ನಲ್ಲಿ plumber near me ಎಂದು ಹುಡುಕುತ್ತಾರೆ. ನಕ್ಷೆಯ ಕೆಳಗೆ ಮೂರು ನಾಲ್ಕು ಹೆಸರು ಬರುತ್ತವೆ. ಒಂದನ್ನು ಒತ್ತಿದರೆ ಅಂಗಡಿಯ ಹೆಸರು, ಗಿರಾಕಿಗಳು ಕೊಟ್ಟ ನಕ್ಷತ್ರಗಳು, ತೆರೆದಿದೆಯೋ ಮುಚ್ಚಿದೆಯೋ ಎಂಬ ಮಾತು, ಕರೆ ಮಾಡುವ ಗುಂಡಿ ಎಲ್ಲವೂ ಕಾಣುತ್ತವೆ. ಇನ್ನೂ ಕೆಳಗೆ ಸರಿದರೆ ಆ ಪ್ಲಂಬರ್ ತಾನೇ ಬರೆದು ಹಾಕಿದ ನಾಲ್ಕು ಸಾಲು, ಒಂದು ಚಿತ್ರ.

ಈ ಪುಟದ ಹೆಸರು ಗೂಗಲ್ ಬಿಸಿನೆಸ್ ಪ್ರೊಫೈಲ್. 2021ರ ನವೆಂಬರ್‌ಗೆ ಮುಂಚೆ ಇದನ್ನು ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು. ಅದರೊಳಗೆ ಪುಟ್ಟ ಪ್ರಕಟಣೆಗಳನ್ನು ಹಾಕುವ ಸೌಲಭ್ಯ ಸಣ್ಣ ವ್ಯಾಪಾರಿಗಳಿಗೆ ಸಿಕ್ಕಿದ್ದು 2017ರಲ್ಲಿ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಪ್ರತ್ಯೇಕ ಆ್ಯಪ್ ಕೂಡ ಈಗ ಇಲ್ಲ. ಪ್ರೊಫೈಲ್ ಮಾಡಿದ ಜಿಮೇಲ್ ಖಾತೆಯಿಂದಲೇ ಲಾಗಿನ್ ಆಗಿ ಗೂಗಲ್‌ನಲ್ಲಿ ತನ್ನ ಅಂಗಡಿಯ ಹೆಸರನ್ನು ಹುಡುಕಿದರೆ, ತಿದ್ದುವ ಮತ್ತು ಪ್ರಕಟಿಸುವ ಗುಂಡಿಗಳು ಅಲ್ಲೇ ಬರುತ್ತವೆ.

ಹಾಕುವುದು ಸುಲಭವಾದ್ದರಿಂದಲೇ ಬಹಳ ಜನ ಯೋಚಿಸದೆ ಹಾಕಿಬಿಡುತ್ತಾರೆ. ಆದರೆ ಪ್ಲಂಬರನ ಪ್ರಕಟಣೆಯನ್ನು ಓದುವವನು ಬಿಡುವಿನಲ್ಲಿ ಕೂತು ಜಾಹೀರಾತು ನೋಡುತ್ತಿರುವವನಲ್ಲ. ಅವನ ಮನೆಯಲ್ಲಿ ನೀರು ಸೋರುತ್ತಿದೆ. ಅವನಿಗೆ ಬೇಕಾದದ್ದು ಮೂರೇ ಉತ್ತರ: ನಮ್ಮ ಬಡಾವಣೆಗೆ ಬರುತ್ತೀಯಾ, ಯಾವಾಗ ಬರುತ್ತೀಯಾ, ಎಷ್ಟಾಗುತ್ತದೆ. ಈ ಮೂರಕ್ಕೂ ನಿಖರವಾಗಿ ಉತ್ತರ ಕೊಡುವ ಪ್ರಕಟಣೆ ಕೆಲಸ ತರುತ್ತದೆ. ಕೊಡದ ಪ್ರಕಟಣೆ ಬರೀ ಫೋನ್ ಕರೆ ತರುತ್ತದೆ, ಕೆಲವೊಮ್ಮೆ ಜಗಳವನ್ನೂ ತರುತ್ತದೆ.

ಮೈಸೂರಿನ ಕುವೆಂಪುನಗರದಲ್ಲಿ ಕೆಲಸ ಮಾಡುವ ಒಬ್ಬ ಪ್ಲಂಬರನನ್ನು ಊಹಿಸಿಕೊಂಡು ಇಂಥ ಒಂದು ಪ್ರಕಟಣೆಯನ್ನು ಮೊದಲಿನಿಂದ ಕಟ್ಟಿ ನೋಡೋಣ. ಅವನ ಜೊತೆ ಒಬ್ಬ ಸಹಾಯಕ ಇದ್ದಾನೆ. ಓಡಾಟಕ್ಕೆ ಒಂದು ಬೈಕು. ಮುಂದೆ ಬರುವ ದರಗಳು ಉದಾಹರಣೆಗಾಗಿ ಇಟ್ಟುಕೊಂಡವು.

ಮೊದಲು ಕೆಟ್ಟದ್ದನ್ನು ನೋಡೋಣ

ಸಾಮಾನ್ಯವಾಗಿ ಕಾಣುವ ಪ್ರಕಟಣೆ ಹೀಗಿರುತ್ತದೆ:

"ಮಳೆಗಾಲದ ಬಂಪರ್ ಆಫರ್!!! ಮೈಸೂರಿನ ನಂ. 1 ಪ್ಲಂಬರ್. ಎಲ್ಲ ಬಗೆಯ ಕೆಲಸಗಳಿಗೆ 50% ವರೆಗೆ ರಿಯಾಯಿತಿ. ಮೈಸೂರು ಸುತ್ತಮುತ್ತ ಎಲ್ಲ ಕಡೆ 24 ಗಂಟೆ ಸೇವೆ. ಕೆಲವೇ ದಿನ ಮಾತ್ರ! ಕೂಡಲೇ ಕರೆ ಮಾಡಿ…" ಕೊನೆಗೆ ಹತ್ತಂಕಿಯ ಮೊಬೈಲ್ ನಂಬರ್.

ಇಲ್ಲಿ ಮೊದಲ ತೊಡಕು ಆ ನಂಬರಿನದೇ. ಪ್ರಕಟಣೆಯ ಒಕ್ಕಣೆಯಲ್ಲಿ ಫೋನ್ ನಂಬರ್ ಬರೆಯುವುದನ್ನು ಗೂಗಲ್ ಒಪ್ಪುವುದಿಲ್ಲ. ದುರ್ಬಳಕೆ ತಡೆಯಲು ಮಾಡಿದ ನಿಯಮ ಅದು. ನಂಬರ್ ಕಂಡರೆ ಇಡೀ ಪ್ರಕಟಣೆಯೇ ತಿರಸ್ಕಾರವಾಗಬಹುದು. ಹಾಕಿದವನು ಬಂಪರ್ ಆಫರ್ ಊರಿಗೆಲ್ಲ ಕಾಣುತ್ತಿದೆ ಎಂದುಕೊಂಡಿರುತ್ತಾನೆ, ಅದು ಒಬ್ಬರಿಗೂ ಕಂಡಿರುವುದಿಲ್ಲ. ನಂಬರನ್ನು ಪ್ರೊಫೈಲಿನ ಸಂಪರ್ಕದ ಜಾಗದಲ್ಲಿ ಒಮ್ಮೆ ತುಂಬಿದರೆ ಸಾಕು. ಕರೆ ಮಾಡುವ ಗುಂಡಿ ಪುಟದ ಮೇಲ್ಭಾಗದಲ್ಲಿ ತಾನಾಗಿಯೇ ಇರುತ್ತದೆ.

ಎರಡನೆಯದು "ಸುತ್ತಮುತ್ತ". ಕುವೆಂಪುನಗರದವನಿಗೆ ಸುತ್ತಮುತ್ತ ಎಂದರೆ ಸರಸ್ವತಿಪುರಂ. ನಂಜನಗೂಡಿನವರು ಓದಿದರೆ ತಮ್ಮ ಊರೂ ಅದರಲ್ಲಿ ಸೇರಿದೆ ಎಂದುಕೊಳ್ಳುತ್ತಾರೆ. ಬೈಕಿನಲ್ಲಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಹೋಗಿ ಒಂದು ನಲ್ಲಿ ವಾಷರ್ ಹಾಕಿ ಬರುವುದು ಅವನಿಗೆ ಗಿಟ್ಟುವುದಿಲ್ಲ. ಬರುವುದಿಲ್ಲ ಎಂದರೆ ಕರೆ ಮಾಡಿದವರು ಸಿಟ್ಟಾಗಿ ಒಂದು ನಕ್ಷತ್ರ ಕೊಟ್ಟು ಹೋಗುತ್ತಾರೆ.

"50% ವರೆಗೆ" ಎಂಬುದೂ ಹಾಗೆಯೇ. ಯಾವ ಕೆಲಸಕ್ಕೆ, ಯಾವ ದರದ ಮೇಲೆ ಎಂದು ಹೇಳದಿದ್ದರೆ ಪ್ರತಿಯೊಬ್ಬರೂ ತಮ್ಮ ಬಿಲ್ಲಿನ ಅರ್ಧ ಎಂದೇ ಓದುತ್ತಾರೆ. ಇದು ಕಾನೂನಿಗೂ ತಾಗುವ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತನ್ನು ತಡೆಯುತ್ತದೆ. ಆ ಕಾಯ್ದೆಯಡಿ 2022ರಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ, ಹೇಳಿದ ದರಕ್ಕೆ ಕೊಡುವ ಸಾಧ್ಯತೆಯೇ ಇಲ್ಲದೆ ಗಿರಾಕಿಯನ್ನು ಸೆಳೆಯಲು ದರ ತೋರಿಸಬಾರದು. ಹಳೆಯ ದರವನ್ನು ಸುಮ್ಮನೆ ಏರಿಸಿ ಬರೆದು ಅದರ ಮೇಲೆ ರಿಯಾಯಿತಿ ತೋರಿಸುವುದೂ ದಾರಿ ತಪ್ಪಿಸಿದಂತೆಯೇ.

ಮಳೆಗಾಲ ಅಂದರೆ ಯಾವಾಗ?

ಹವಾಮಾನದ ಕೊಡುಗೆಗೆ ಮೊದಲು ಬೇಕಾದದ್ದು ತಾರೀಕು. ಇದನ್ನು ಬೇರೆಯವರ ಪ್ರಕಟಣೆ ನೋಡಿ ನಕಲು ಮಾಡಿದರೆ ಎಡವುತ್ತೇವೆ. ಮಂಗಳೂರಿನಲ್ಲಿ ಮಳೆಯೆಂದರೆ ಜೂನ್‌ನಿಂದ ಸೆಪ್ಟೆಂಬರ್. ಅಲ್ಲಿನ ಪ್ಲಂಬರ್ ಮೇ ತಿಂಗಳಲ್ಲಿ ಪ್ರಕಟಣೆ ಹಾಕಿದರೆ ಸರಿಯಾದ ಹೊತ್ತು. ಮೈಸೂರಿನ ಲೆಕ್ಕ ಬೇರೆ. ವರ್ಷದಲ್ಲಿ ಹೆಚ್ಚು ಮಳೆ ಬೀಳುವ ತಿಂಗಳುಗಳು ಇಲ್ಲಿ ಮೇ ಮತ್ತು ಅಕ್ಟೋಬರ್. ಅಶ್ವಿನಿ, ಭರಣಿ ಮಳೆಗಳು ಏಪ್ರಿಲ್ ನಡುವಿನಿಂದಲೇ ಗುಡುಗು ಸಿಡಿಲಿನೊಂದಿಗೆ ಬರುತ್ತವೆ. ಜೂನ್ ಒಂದರಂದು "ಮಳೆಗೆ ಮುಂಚೆ" ಎಂದು ಬರೆದರೆ ಮೈಸೂರಿನವರು ನಗುತ್ತಾರೆ. ಅಷ್ಟರಲ್ಲಿ ಅವರ ತಾರಸಿ ಎರಡು ಮೂರು ಸಲ ತುಂಬಿ ಇಳಿದಿರುತ್ತದೆ.

ಆದ್ದರಿಂದ ನಮ್ಮ ಪ್ಲಂಬರನ ಕೊಡುಗೆ ಮಾರ್ಚ್ 25ರಿಂದ ಏಪ್ರಿಲ್ 30ರವರೆಗೆ.

ಎಂಥ ಕೆಲಸ ಎಂಬುದನ್ನೂ ಕಾಲವೇ ಹೇಳುತ್ತದೆ. ಬೇಸಿಗೆಯಲ್ಲಿ ತಾರಸಿಯ ಮೇಲೆ ದೂಳು, ಎಲೆ, ಹಕ್ಕಿಯ ಹಿಕ್ಕೆ ಸೇರಿರುತ್ತದೆ. ಮಳೆನೀರನ್ನು ಸಂಪಿಗೆ ಇಳಿಸಿಕೊಳ್ಳುವ ಮನೆಗಳಲ್ಲಿ ಮೊದಲ ಮಳೆ ಇದನ್ನೆಲ್ಲ ಫಿಲ್ಟರಿಗೆ ತಂದು ತುಂಬುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಕೊಳೆ ನೀರು ಸಂಪಿಗೇ ಹೋಗುತ್ತದೆ, ಇಲ್ಲವೇ ತಾರಸಿಯಲ್ಲಿ ನಿಂತು ಸೀಲಿಂಗಿಗೆ ಇಳಿಯುತ್ತದೆ. ಹಾಗಾಗಿ ತಾರಸಿಯ ಮಳೆನೀರು ಪೈಪು, ಫಿಲ್ಟರ್, ಸಂಪು ಈ ಮೂರನ್ನೂ ಒಟ್ಟಿಗೆ ತೊಳೆಯುವುದಕ್ಕೆ ಅರ್ಥವಿದೆ. "ಎಲ್ಲ ಬಗೆಯ ಕೆಲಸ" ಎಂದರೆ ಓದುವವನ ಮನಸ್ಸಿಗೆ ಏನೂ ಹೊಳೆಯುವುದಿಲ್ಲ. "ಮಳೆನೀರು ಪೈಪು ಮತ್ತು ಸಂಪು" ಎಂದರೆ ಅವನು ಎದ್ದು ತಾರಸಿ ನೋಡಿ ಬರುತ್ತಾನೆ.

Offer ಆರಿಸಬೇಕೋ, Update ಆರಿಸಬೇಕೋ

ಪ್ರಕಟಣೆ ಹಾಕಲು ಹೋದಾಗ ಗೂಗಲ್ ಮೂರು ಬಗೆ ತೋರಿಸುತ್ತದೆ: Update, Offer, Event. ಕಾರ್ಯಕ್ರಮಗಳಿಗಾಗಿ ಇರುವ ಮೂರನೆಯದು ಇಲ್ಲಿ ಬೇಡ. ಮೊದಲ ಎರಡರಲ್ಲಿ ಒಂದನ್ನು ಆರಿಸಬೇಕು.

Update ಎಂದರೆ ಸಾಮಾನ್ಯ ಸುದ್ದಿ. ಅದರಲ್ಲಿ Call now ಎಂಬ ಗುಂಡಿ ಸೇರಿಸಬಹುದು, ಅದು ಪ್ಲಂಬರಿಗೆ ಅನುಕೂಲವೇ. ಆದರೆ ಕೊಡುಗೆ ಮುಗಿಯುವ ದಿನ ಎಂಬುದು ಅದಕ್ಕಿಲ್ಲ. "ಈ ತಿಂಗಳು ಮಾತ್ರ" ಎಂದು ಮಾರ್ಚ್‌ನಲ್ಲಿ ಬರೆದದ್ದು ಜುಲೈನಲ್ಲೂ ಪುಟದಲ್ಲಿ ಉಳಿದಿರಬಹುದು. ಆಗ ಓದಿದವರು ಈ ತಿಂಗಳು ಎಂದರೆ ಜುಲೈ ಎಂದುಕೊಂಡು ಹಳೆಯ ದರವನ್ನೇ ಕೇಳುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

Offer ಆರಿಸಿದರೆ ಶೀರ್ಷಿಕೆ, ಶುರುವಾಗುವ ದಿನ, ಮುಗಿಯುವ ದಿನ ಇವನ್ನು ತುಂಬಲೇಬೇಕು. ವಿವರ, ಕೂಪನ್ ಕೋಡ್, ಷರತ್ತುಗಳಿಗೆ ಬೇರೆ ಬೇರೆ ಜಾಗ ಇದೆ, ಅವು ಬೇಕಿದ್ದರೆ ಮಾತ್ರ. ದಿನಾಂಕ ಶೀರ್ಷಿಕೆಯ ಜೊತೆಗೇ ಕಾಣುತ್ತದೆ, ಅವಧಿ ಮುಗಿದ ಮೇಲೆ ಕೊಡುಗೆ ಚಾಲ್ತಿಯಲ್ಲಿ ಇರುವುದಿಲ್ಲ. Call now ಗುಂಡಿಯನ್ನು ಇಲ್ಲಿ ನಾವೇ ಆರಿಸಲು ಬರುವುದಿಲ್ಲ. ಪುಟದ ಮೇಲೆ ಕರೆ ಮಾಡುವ ಗುಂಡಿ ಹೇಗೂ ಇರುವುದರಿಂದ ಅದು ದೊಡ್ಡ ಕೊರತೆಯಲ್ಲ. ದರ ಮತ್ತು ತಾರೀಕು ಇರುವ ಮಾತಿಗೆ Offer ಸರಿ. "ಇನ್ನು ಮುಂದೆ ಸೋಲಾರ್ ಹೀಟರ್ ರಿಪೇರಿಯನ್ನೂ ಮಾಡುತ್ತೇವೆ" ಎಂಬಂಥ ಸುದ್ದಿಗೆ Update ಸರಿ.

ಐವತ್ತೆಂಟರೊಳಗಿನ ಶೀರ್ಷಿಕೆ

ಕೊಡುಗೆಯ ಶೀರ್ಷಿಕೆಗೆ ಗರಿಷ್ಠ 58 ಅಕ್ಷರ. ವಿವರಕ್ಕೆ 1,500. ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಸಣ್ಣ ಪೇಚು ಇದೆ. ನಾವು ಒಂದು ಅಕ್ಷರ ಎಂದು ಎಣಿಸುವುದನ್ನು ಕಂಪ್ಯೂಟರ್ ಬಿಡಿಸಿ ಎಣಿಸುತ್ತದೆ. ಗುಣಿತದ ಚಿಹ್ನೆ ಬೇರೆ, ಒತ್ತಕ್ಷರ ಬೇರೆ, ಸೊನ್ನೆ ಬೇರೆ. "ಪ್ಲಂಬರ್" ಎಂಬುದು ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿಗೆ ಏಳು. ಅಂದರೆ 58 ಎಂಬುದು ಕನ್ನಡದಲ್ಲಿ ನಾವಂದುಕೊಳ್ಳುವುದಕ್ಕಿಂತ ಬಹಳ ಕಡಿಮೆ.

"ಮಳೆಗಾಲದ ವಿಶೇಷ ಕೊಡುಗೆ" ಎಂದು ಶುರುಮಾಡಿದರೆ ಅಷ್ಟಕ್ಕೇ 20 ಖರ್ಚಾಗುತ್ತದೆ. ಮೂರನೇ ಒಂದು ಭಾಗ ಹೋಯಿತು, ಓದಿದವನಿಗೆ ಇನ್ನೂ ಏನೂ ಗೊತ್ತಾಗಿಲ್ಲ. ಕೊಡುಗೆ ಎಂಬುದನ್ನು ಪ್ರಕಟಣೆಯ ಬಗೆಯೇ ಹೇಳುತ್ತದೆ, ತಾರೀಕು ಪಕ್ಕದಲ್ಲೇ ಇರುತ್ತದೆ. ಉಳಿದದ್ದು ಕೆಲಸ, ದರ, ಜಾಗ:

"ಮಳೆನೀರು ಪೈಪು, ಸಂಪು ಕ್ಲೀನಿಂಗ್ ₹1,800 – ಕುವೆಂಪುನಗರ"

ಕಂಪ್ಯೂಟರಿನ ಎಣಿಕೆಯಲ್ಲಿ ಇದು 48. ಒಂದು ಸಾಲಿನಲ್ಲಿ ಮೂರು ಪ್ರಶ್ನೆಗಳ ಪೈಕಿ ಎರಡಕ್ಕೆ ಉತ್ತರ ಸಿಕ್ಕಿತು.

ಜಾಗ: ಗೆರೆ ಎಲ್ಲಿದೆ ಎಂದು ಹೇಳಿ

ಗಿರಾಕಿ ಬರುವ ಅಂಗಡಿ ಇಲ್ಲದೆ ತಾನೇ ಮನೆಮನೆಗೆ ಹೋಗುವ ಕಸುಬುದಾರರಿಗೆ ಪ್ರೊಫೈಲಿನಲ್ಲಿ ಬೇರೆ ವ್ಯವಸ್ಥೆ ಇದೆ. ಮನೆಯ ವಿಳಾಸವನ್ನು ಮರೆಮಾಡಿ, ಸೇವೆ ಕೊಡುವ ಪ್ರದೇಶಗಳನ್ನು ಮಾತ್ರ ತೋರಿಸಬಹುದು. ಬಡಾವಣೆ, ಊರು ಅಥವಾ ಪಿನ್‌ಕೋಡ್ ಮೂಲಕ ಹೆಚ್ಚೆಂದರೆ 20 ಪ್ರದೇಶ ಸೇರಿಸಬಹುದು. ಕೆಲಸದ ನೆಲೆಯಿಂದ ಸುಮಾರು ಎರಡು ಗಂಟೆಯ ದಾರಿಗಿಂತ ಆಚೆ ಹೋಗಬಾರದು ಎಂದು ಗೂಗಲ್ ಹೇಳುತ್ತದೆ.

ಆ ಎರಡು ಗಂಟೆ ಗೂಗಲ್ ಒಪ್ಪುವ ಹೊರಗಿನ ಗಡಿ. ಪ್ಲಂಬರನಿಗೆ ಗಿಟ್ಟುವ ಗಡಿ ಅದಕ್ಕಿಂತ ಎಷ್ಟೋ ಚಿಕ್ಕದು. ₹1,800ರ ಕೆಲಸಕ್ಕೆ ಹೋಗಿ ಬರಲು ಒಂದು ಗಂಟೆ ಹಿಡಿದರೆ ದಿನಕ್ಕೆ ಒಂದು ಮನೆ ಕೈತಪ್ಪುತ್ತದೆ. ನಮ್ಮ ಪ್ಲಂಬರ್ ಆರಿಸಿಕೊಂಡದ್ದು ನಾಲ್ಕು ಬಡಾವಣೆ: ಕುವೆಂಪುನಗರ, ರಾಮಕೃಷ್ಣನಗರ, ಸರಸ್ವತಿಪುರಂ, ದಟ್ಟಗಳ್ಳಿ. ದಟ್ಟಗಳ್ಳಿಯಂಥ ಕಡೆ ಬಡಾವಣೆ ಎಲ್ಲಿಗೆ ಮುಗಿಯುತ್ತದೆ ಎಂಬ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ಅದಕ್ಕಾಗಿ "ರಿಂಗ್ ರಸ್ತೆಯ ಒಳಗೆ" ಎಂದು ಸೇರಿಸುತ್ತಾನೆ. ರಸ್ತೆ ಎಲ್ಲರಿಗೂ ಕಾಣುತ್ತದೆ, ವಾದಕ್ಕೆ ಎಡೆಯಿಲ್ಲ. ಹೊರಗಿನವರನ್ನು ಪೂರ್ತಿ ಬಿಡಬೇಕಾಗಿಲ್ಲ. ರಿಂಗ್ ರಸ್ತೆಯ ಆಚೆಗೆ ₹200 ಹೆಚ್ಚು ಎಂದು ಬರೆದರೆ, ಬೇಕಾದವರು ಗೊತ್ತಿದ್ದೇ ಕರೆ ಮಾಡುತ್ತಾರೆ.

ಇನ್ನೊಂದು ತಪ್ಪು ನಂಬಿಕೆ ಇದೆ. ನಲವತ್ತು ಬಡಾವಣೆಯ ಹೆಸರು ತುರುಕಿದರೆ ನಲವತ್ತೂ ಕಡೆ ತನ್ನ ಹೆಸರು ಮೊದಲು ಬರುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಸ್ಥಳೀಯ ಹುಡುಕಾಟದಲ್ಲಿ ಯಾರನ್ನು ಮೇಲೆ ತೋರಿಸಬೇಕು ಎಂಬುದಕ್ಕೆ ಗೂಗಲ್ ಹೇಳುವ ಅಳತೆಗಳು ಮೂರು: ಕೇಳಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದಿಕೆ, ಎಷ್ಟು ದೂರ, ಎಷ್ಟು ಹೆಸರುವಾಸಿ. ಹೆಸರುಗಳ ಪಟ್ಟಿ ಬರೆದ ಮಾತ್ರಕ್ಕೆ ದೂರ ಕಡಿಮೆಯಾಗುವುದಿಲ್ಲ. ಪ್ರಕಟಣೆಯಲ್ಲಿ ಬಡಾವಣೆಯ ಹೆಸರು ಇರಬೇಕಾದದ್ದು ಪುಟಕ್ಕೆ ಈಗಾಗಲೇ ಬಂದಿರುವ ಮನುಷ್ಯ "ಓ, ನಮ್ಮ ಕಡೆಗೆ ಬರುತ್ತಾರೆ" ಎನ್ನಲಿ ಎಂದು.

ಹೊತ್ತು: ಫೋನಿನದು ಬೇರೆ, ಕೆಲಸದ್ದು ಬೇರೆ

ಅತಿ ಹೆಚ್ಚು ಗೊಂದಲ ಆಗುವುದು ಸಮಯದಲ್ಲಿ. ಪ್ರೊಫೈಲಿನಲ್ಲಿ ತುಂಬುವ ಸಮಯ ಒಂದು. ಪ್ರಕಟಣೆಯಲ್ಲಿ ಬರೆಯುವ ಸಮಯ ಇನ್ನೊಂದು. ಎರಡೂ ಹೊಂದದಿದ್ದರೆ ಓದುವವನು ಎರಡನ್ನೂ ನಂಬುವುದಿಲ್ಲ. ಪ್ರಕಟಣೆಯಲ್ಲಿ "ಭಾನುವಾರವೂ ಬರುತ್ತೇವೆ" ಎಂದಿರುತ್ತದೆ, ಪ್ರೊಫೈಲಿನಲ್ಲಿ ಭಾನುವಾರ ರಜೆ ಎಂದು ತುಂಬಿರುತ್ತಾರೆ. ಭಾನುವಾರ ಬೆಳಿಗ್ಗೆ ಆ ಪುಟ ತೆರೆದವನಿಗೆ ಮೇಲುಗಡೆಯೇ Closed ಎಂದು ಕಾಣುತ್ತದೆ. ಅವನು ಕೆಳಗಿನ ಪ್ರಕಟಣೆಯವರೆಗೆ ಹೋಗುವುದೇ ಇಲ್ಲ.

ಪ್ರೊಫೈಲಿನ ಸಮಯ ಎಂದರೆ ಫೋನ್ ಎತ್ತುವ ಹೊತ್ತು ಎಂದುಕೊಂಡರೆ ಸುಲಭ. ನಮ್ಮ ಪ್ಲಂಬರ್ ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ಫೋನ್ ಎತ್ತುತ್ತಾನೆ. ಅಷ್ಟನ್ನೇ ತುಂಬಬೇಕು. ರಾತ್ರಿ ಎರಡಕ್ಕೆ ಎತ್ತದಿದ್ದರೆ 24 ಗಂಟೆ ಎಂದು ತುಂಬಬಾರದು. ಪೈಪು ಒಡೆದು ನಡುರಾತ್ರಿ ಕರೆ ಮಾಡಿದವನಿಗೆ ಆ ಸುಳ್ಳು ಮರೆಯುವುದಿಲ್ಲ.

ಪ್ರಕಟಣೆಯ ಸಮಯ ಎಂದರೆ ಆ ಕೊಡುಗೆಯ ಕೆಲಸಕ್ಕೆ ಮನೆಗೆ ಬರುವ ಹೊತ್ತು. ಅದನ್ನು ಕೆಲಸದ ಉದ್ದ ನೋಡಿ ನಿರ್ಧರಿಸಬೇಕು. ಸಂಪು ಖಾಲಿ ಮಾಡಿ, ಕೆಸರು ತೆಗೆದು, ಉಜ್ಜಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ತಾರಸಿಯ ಪೈಪು ಮತ್ತು ಫಿಲ್ಟರ್ ಬಿಡಿಸಿ ಕಟ್ಟಲು ಇಬ್ಬರಿಗೆ ಮೂರು ಗಂಟೆ ಎಂದಿಟ್ಟುಕೊಳ್ಳೋಣ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಸಾಲದೆ ಇರಬಹುದು. ಮುಚ್ಚಳ ತೆಗೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಡದೆ, ಮೇಲೊಬ್ಬ ನಿಲ್ಲದೆ ಒಳಗೆ ಇಳಿಯಬಾರದು. ಆದ್ದರಿಂದ "ಒಂದೇ ಗಂಟೆಯಲ್ಲಿ ಕ್ಲೀನಿಂಗ್" ಎಂದು ಬರೆಯುವುದು ಪ್ರಾಣಕ್ಕೇ ಅಪಾಯ ತರುವ ಭರವಸೆ.

ಈಗ ಲೆಕ್ಕ ಹಾಕಿ. ಬೆಳಿಗ್ಗೆ 8ರಿಂದ 11 ಒಂದು ಮನೆ, ಮಧ್ಯಾಹ್ನ 2ರಿಂದ 5 ಇನ್ನೊಂದು. ನಡುವಿನ ಹೊತ್ತು ಊಟಕ್ಕೆ ಮತ್ತು ಮಾಮೂಲಿ ಸಣ್ಣ ಕೆಲಸಗಳಿಗೆ. ಸೋಮವಾರದಿಂದ ಶನಿವಾರದವರೆಗೆ ಹನ್ನೆರಡು ಮನೆ, ಭಾನುವಾರ ಬೆಳಿಗ್ಗೆ ಒಂದು, ವಾರಕ್ಕೆ ಹದಿಮೂರು. ಐದು ವಾರಕ್ಕೆ 65. ಹಬ್ಬ, ಜ್ವರ, ಮಳೆ ಎಂದು ಸ್ವಲ್ಪ ಕಳೆದರೆ 60. ಆದ್ದರಿಂದ "ಮೊದಲು ಬುಕ್ ಮಾಡಿದ 60 ಮನೆಗಳಿಗೆ" ಎಂದು ಅವನು ಧೈರ್ಯವಾಗಿ ಬರೆಯಬಹುದು. "ಕೆಲವೇ ದಿನ ಮಾತ್ರ" ಎಂಬ ಮಾತಿನ ಹಿಂದೆ ಇಂಥ ಲೆಕ್ಕ ಇರುವುದಿಲ್ಲ.

ಹೊತ್ತಿನ ವಿಷಯದಲ್ಲಿ ನಮ್ಮ ಊರುಗಳದೇ ಆದ ಇನ್ನೊಂದು ಸಂಗತಿ ಇದೆ. ದಿನ ಬಿಟ್ಟು ದಿನ ನೀರು ಬಿಡುವ ಬೀದಿಯಲ್ಲಿ, ನೀರು ಬಂದ ದಿನವೇ ಸಂಪು ತೊಳೆಯಲು ಹೋದರೆ ತುಂಬಿದ ನೀರನ್ನೆಲ್ಲ ಮೋರಿಗೆ ಚೆಲ್ಲಬೇಕು. ಯಾವ ಮನೆಯವರೂ ಒಪ್ಪುವುದಿಲ್ಲ. ನೀರು ಬಿಡುವ ಹಿಂದಿನ ದಿನ ಹೋದರೆ ಸಂಪು ಹೆಚ್ಚುಕಡಿಮೆ ತಳ ಕಂಡಿರುತ್ತದೆ, ತೊಳೆದ ಸಂಪಿಗೆ ಮರುದಿನ ಹೊಸ ನೀರು ಬರುತ್ತದೆ. ಇದನ್ನು ಪ್ರಕಟಣೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿದರೆ ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ, ಇವನು ಕೆಲಸ ಬಲ್ಲವನು ಎಂದು.

ಹಬ್ಬದ ದಿನಗಳಿಗೆ ಪ್ರೊಫೈಲಿನಲ್ಲೇ ವಿಶೇಷ ಸಮಯ ತುಂಬುವ ಜಾಗ ಇದೆ. ನಮ್ಮ ಕೊಡುಗೆಯ ಅವಧಿಯೊಳಗೆ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಬರುತ್ತದೆ. ಆ ದಿನ ಕೆಲಸ ಇದೆಯೋ ಇಲ್ಲವೋ ಎಂದು ಮೊದಲೇ ತುಂಬಿಡಬೇಕು. ಇಲ್ಲದಿದ್ದರೆ ರಜಾದಿನದಲ್ಲಿ ಸಮಯ ಬೇರೆ ಇರಬಹುದು ಎಂಬ ಎಚ್ಚರಿಕೆಯ ಮಾತನ್ನು ಗೂಗಲ್ ತಾನೇ ತೋರಿಸಬಹುದು. ಅನುಮಾನ ಬಂದವರು ಮುಂದಿನ ಹೆಸರಿಗೆ ಹೋಗುತ್ತಾರೆ.

ಪೂರ್ತಿ ಪ್ರಕಟಣೆ ಹೀಗೆ

ಫೋನಿನಲ್ಲಿ ಪ್ರಕಟಣೆಯ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಉಳಿದದ್ದನ್ನು ಓದಲು ಒತ್ತಬೇಕು. ಆದ್ದರಿಂದ ನಮಸ್ಕಾರ, ಶುಭಾಶಯ, ಇಪ್ಪತ್ತು ವರ್ಷದ ಅನುಭವ ಇವು ಮೊದಲಿಗೆ ಬೇಡ. ಬಡಾವಣೆ, ಕೆಲಸ, ದರ ಮೊದಲ ಸಾಲಿನಲ್ಲೇ ಬರಲಿ. ನಮ್ಮ ಪ್ಲಂಬರನ ಒಕ್ಕಣೆ ಇದು:

"ಕುವೆಂಪುನಗರ, ರಾಮಕೃಷ್ಣನಗರ, ಸರಸ್ವತಿಪುರಂ, ದಟ್ಟಗಳ್ಳಿ: ಮಳೆಗೆ ಮುಂಚೆ ಮಳೆನೀರು ಪೈಪು ಮತ್ತು ಸಂಪು ಕ್ಲೀನಿಂಗ್ ₹1,800. ಮಾಮೂಲು ದರ ₹2,200.

ಏನೇನು ಸೇರಿದೆ: 6,000 ಲೀಟರ್‌ವರೆಗಿನ ಒಂದು ಸಂಪು. ಕೆಸರು ತೆಗೆದು, ಉಜ್ಜಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುತ್ತೇವೆ. ತಾರಸಿಯ ಪೈಪುಗಳ ಬಾಯಿ ಮತ್ತು ಮಳೆನೀರಿನ ಫಿಲ್ಟರ್ ಸ್ವಚ್ಛ ಮಾಡುತ್ತೇವೆ. ಬಾಲ್‌ಕಾಕ್ ಸರಿಯಿದೆಯೇ ನೋಡುತ್ತೇವೆ. ಏನಾದರೂ ಬದಲಿಸಬೇಕಿದ್ದರೆ ಸಾಮಾನಿನ ಬೆಲೆ ಬೇರೆ, ಮೊದಲೇ ಕೇಳಿ ಹಾಕುತ್ತೇವೆ.

ಯಾವಾಗ: ಸೋಮವಾರದಿಂದ ಶನಿವಾರ ಬೆಳಿಗ್ಗೆ 8 ಅಥವಾ ಮಧ್ಯಾಹ್ನ 2ಕ್ಕೆ. ಭಾನುವಾರ ಬೆಳಿಗ್ಗೆ 8ಕ್ಕೆ ಮಾತ್ರ. ಕೆಲಸಕ್ಕೆ ಸುಮಾರು 3 ಗಂಟೆ ಬೇಕು, ಇಬ್ಬರು ಬರುತ್ತೇವೆ. ನಿಮ್ಮ ಬೀದಿಗೆ ನೀರು ಬಿಡುವ ದಿನ ತಿಳಿಸಿ, ಅದರ ಹಿಂದಿನ ದಿನ ಬರುತ್ತೇವೆ.

ಈ ದರ ರಿಂಗ್ ರಸ್ತೆಯ ಒಳಗೆ. ಆಚೆಗೆ ₹200 ಹೆಚ್ಚು. ಬುಕ್ ಮಾಡಲು ಮೇಲಿನ ಕರೆ ಗುಂಡಿ ಒತ್ತಿ. ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ಫೋನ್ ಎತ್ತುತ್ತೇವೆ."

ಷರತ್ತಿನ ಜಾಗದಲ್ಲಿ: "ಏಪ್ರಿಲ್ 30ರೊಳಗೆ ಬುಕ್ ಮಾಡುವ ಮೊದಲ 60 ಮನೆಗಳಿಗೆ, ಮನೆಗೊಂದು ಸಲ. ಅಪಾರ್ಟ್‌ಮೆಂಟಿನ ದೊಡ್ಡ ಸಂಪುಗಳಿಗೆ ನೋಡಿ ದರ ಹೇಳುತ್ತೇವೆ."

ಗಮನಿಸಿ, ಶೇಕಡಾ ಲೆಕ್ಕ ಎಲ್ಲೂ ಇಲ್ಲ. ₹2,200 ಇದ್ದದ್ದು ₹1,800 ಎಂದರೆ ನಾನೂರು ಉಳಿಯಿತು ಎಂದು ಯಾರಿಗೂ ತಿಳಿಯುತ್ತದೆ. "ಮೊದಲೇ ಕೇಳಿ ಹಾಕುತ್ತೇವೆ" ಎಂಬ ಮಾತು ಚಿಕ್ಕದು, ಆದರೆ ಬಿಲ್ಲಿನ ಜಗಳಗಳು ಹುಟ್ಟುವ ಜಾಗವೇ ಅದು. ಕನ್ನಡ ಓದಲು ಬಾರದ ನಿವಾಸಿಗಳಿರುವ ಬಡಾವಣೆಗಳಲ್ಲಿ ಕೊನೆಗೆ ಕೆಲಸ, ದರ, ಪ್ರದೇಶ, ಸಮಯವನ್ನು ಇಂಗ್ಲಿಷಿನಲ್ಲಿ ಎರಡು ಸಾಲು ಸೇರಿಸಬಹುದು. 1,500ರ ಮಿತಿಯಲ್ಲಿ ಅದಕ್ಕೂ ಜಾಗ ಇದೆ.

ಚಿತ್ರಕ್ಕೆ ಬಣ್ಣಬಣ್ಣದ ಪೋಸ್ಟರ್ ಬೇಡ. ಫೋನಿನಲ್ಲಿ ಅದು ಚಿಕ್ಕದಾಗಿ, ಅಂಚು ಕತ್ತರಿಸಿ ಕಾಣುವಾಗ ಪೋಸ್ಟರಿನ ಅಕ್ಷರ ಓದಲು ಬರುವುದಿಲ್ಲ. ತಾನೇ ತೊಳೆದ ಒಂದು ಸಂಪಿನ ಫೋಟೋ, ಹಗಲು ಬೆಳಕಿನಲ್ಲಿ ಅಡ್ಡಡ್ಡ ಹಿಡಿದು ತೆಗೆದದ್ದು ಸಾಕು. ಕನಿಷ್ಠ 400×300 ಪಿಕ್ಸೆಲ್ ಇರಬೇಕು, ಈಗಿನ ಯಾವ ಫೋನಿನ ಫೋಟೋ ಆದರೂ ಅದಕ್ಕಿಂತ ದೊಡ್ಡದಿರುತ್ತದೆ. ಮನೆಯವರನ್ನು ಕೇಳಿಯೇ ತೆಗೆಯಬೇಕು. ಮನೆಯ ನಂಬರ್, ವಾಹನದ ನಂಬರ್ ಚಿತ್ರದಲ್ಲಿ ಬೀಳಬಾರದು.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಹಾಕಿದ ಮೇಲೆ ಪರೀಕ್ಷೆ ಸುಲಭ. ಆ ಜಿಮೇಲ್ ಖಾತೆ ಇಲ್ಲದ ಬೇರೊಬ್ಬರ ಫೋನಿನಲ್ಲಿ ಅಂಗಡಿಯ ಹೆಸರು ಹುಡುಕಿ ನೋಡಬೇಕು. ತನ್ನ ಫೋನಿನಲ್ಲಿ ಕಾಣುವುದು ಎಲ್ಲರಿಗೂ ಕಾಣುತ್ತದೆ ಎಂದಲ್ಲ. ಕಾಣದಿದ್ದರೆ ಪ್ರಕಟಣೆಗಳ ಪಟ್ಟಿಯಲ್ಲಿ ಅದರ ಸ್ಥಿತಿ ನೋಡಬೇಕು. ಇನ್ನೂ ಪರಿಶೀಲನೆಯಲ್ಲಿದ್ದರೆ ಕಾಯಬೇಕು. ತಿರಸ್ಕಾರವಾಗಿದ್ದರೆ ಮೊದಲು ಹುಡುಕಬೇಕಾದದ್ದು ಒಕ್ಕಣೆಯಲ್ಲಿ ಎಲ್ಲಾದರೂ ಫೋನ್ ನಂಬರ್ ನುಸುಳಿದೆಯೇ ಎಂದು.

ಪ್ರೊಫೈಲಿನ ಅಂಕಿಅಂಶದ ಪುಟ ಕರೆ ಗುಂಡಿಯನ್ನು ಎಷ್ಟು ಸಲ ಒತ್ತಿದರು ಎಂದು ತೋರಿಸುತ್ತದೆ. ಅದರಲ್ಲಿ ಎಷ್ಟು ಜನ ಈ ಕೊಡುಗೆ ನೋಡಿ ಒತ್ತಿದರು ಎಂಬುದು ತಿಳಿಯುವುದಿಲ್ಲ. ಕೂಪನ್ ಕೋಡಿನ ಜಾಗ ಉಪಯೋಗಕ್ಕೆ ಬರುವುದು ಇಲ್ಲಿ. SUMPU18 ಎಂದು ಒಂದು ಕೋಡ್ ಕೊಟ್ಟು, ಕರೆ ಮಾಡಿದವರು ಅದನ್ನು ಹೇಳಿದರೆ ಪುಸ್ತಕದಲ್ಲಿ ಒಂದು ಗೀಟು ಹಾಕಿಕೊಂಡರಾಯಿತು. ಕೋಡ್ ಮರೆತವರಿಗೂ ಅದೇ ದರ ಕೊಡಬೇಕು. ಅದು ಇರುವುದು ಲೆಕ್ಕಕ್ಕೆ, ಯಾರನ್ನೂ ಹೊರಗಿಡಲು ಅಲ್ಲ.

ಎಲ್ಲಕ್ಕಿಂತ ಒಳ್ಳೆಯ ಅಳತೆ ಕರೆ ಮಾಡಿದವರು ಕೇಳುವ ಮೊದಲ ಪ್ರಶ್ನೆ. "ನಮ್ಮ ಕಡೆಗೆ ಬರ್ತೀರಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರೆ ಪ್ರದೇಶದ ಸಾಲು ಸರಿಯಾಗಿಲ್ಲ. "ಟ್ಯಾಂಕೂ ಸೇರಿದೆಯಾ?" ಎಂದು ಮೂವರು ಕೇಳಿದರೆ ಒಳಗೊಂಡ ಕೆಲಸಗಳ ಸಾಲಿನಲ್ಲಿ "ಓವರ್‌ಹೆಡ್ ಟ್ಯಾಂಕಿಗೆ ₹500 ಹೆಚ್ಚು" ಎಂದು ಸೇರಿಸುವ ಹೊತ್ತು ಬಂತು. ಹಾಕಿದ ಪ್ರಕಟಣೆಯನ್ನು ಅವಧಿಯ ನಡುವೆ ತಿದ್ದಬಹುದು. ಆದರೆ ದರ ಏರಿಸುವ ತಿದ್ದುಪಡಿ ಬೇಡ. ಹಳೆಯದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡವರು ಇದ್ದೇ ಇರುತ್ತಾರೆ. "ಮಂಗಳವಾರ ನೀರು ಬಿಡ್ತಾರೆ, ಸೋಮವಾರ ಬೆಳಿಗ್ಗೆ ಬರ್ತೀರಾ?" ಎಂದೇ ಮಾತು ಶುರುವಾದರೆ ಪ್ರಕಟಣೆ ತನ್ನ ಕೆಲಸ ಮಾಡಿದೆ ಎಂದರ್ಥ.

ಪ್ರಕಟಣೆಯ ಮಿತಿಯನ್ನೂ ತಿಳಿದಿರಬೇಕು. ಪುಟಕ್ಕೆ ಬಂದವನಿಗೆ ಕರೆ ಮಾಡುವ ಧೈರ್ಯ ತುಂಬುವುದಷ್ಟೇ ಅದರಿಂದ ಆಗುವ ಕೆಲಸ. ಪುಟದಲ್ಲಿ ತಪ್ಪು ಸಮಯವಿದ್ದರೆ, ಗಿರಾಕಿಗಳ ದೂರಿಗೆ ಉತ್ತರ ಬರೆಯದೆ ಬಿಟ್ಟಿದ್ದರೆ, ಎಷ್ಟು ಚೆನ್ನಾಗಿ ಬರೆದ ಕೊಡುಗೆಯೂ ಅದನ್ನು ಮುಚ್ಚಲಾರದು.

ಕೊನೆಗೆ ಮನೆಯವರಿಗೂ ಒಂದು ಮಾತು. ಇಂಥ ಪ್ರಕಟಣೆ ನೋಡಿ ಕರೆ ಮಾಡುವಾಗ ಮುಗಿಯುವ ದಿನಾಂಕ ನೋಡಿಕೊಳ್ಳಿ, ದರದಲ್ಲಿ ಏನು ಸೇರಿದೆ ಎಂದು ಓದಿ, ಬರೆದಿಲ್ಲದ್ದನ್ನು ಫೋನಿನಲ್ಲೇ ಕೇಳಿ. ನಿಮ್ಮ ಸಂಪು ಎಷ್ಟು ಲೀಟರಿನದು, ಬೀದಿಗೆ ನೀರು ಯಾವ ದಿನ ಬರುತ್ತದೆ ಎಂದು ಮೊದಲೇ ಹೇಳಿ. ಒಬ್ಬನೇ ಬಂದು ಸಂಪಿಗೆ ಇಳಿಯಲು ಹೊರಟರೆ, ಎಷ್ಟೇ ಕಡಿಮೆ ದರವಿದ್ದರೂ, ಇಳಿಯಲು ಬಿಡಬೇಡಿ.